ಅಡಿಕೆ ತೋಟದೊಳಗೆ ಅಡಗಿದ ಲಂಚ

ಲಂಚದ ದುಡ್ಡಿಗೆ ನಮ್ಮ ಕಾಸರಗೋಡಿನ ಕಡೆ ಒಳ್ಳೆಯ ಮರೆ ಯಾವುದೆಂದರೆ ಅಡಿಕೆ ತೋಟ. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ, ವ್ಯಾಪಾರವೂ ಬಹಳಷ್ಟು ಕೈಯಿಂದ ಕೈಗೆ.

ಮಂಜೇಶ್ವರದ ಆಸುಪಾಸಿನ ಒಬ್ಬ ಸರಕಾರಿ ಅಧಿಕಾರಿಯನ್ನು ಕಲ್ಪಿಸಿಕೊಳ್ಳಿ. ಆರು ವರ್ಷದಲ್ಲಿ ಆಸ್ತಿ 20 ಲಕ್ಷದಿಂದ 110 ಲಕ್ಷಕ್ಕೆ ಏರಿದೆ. ಮನೆಖರ್ಚು, ಮಕ್ಕಳ ಓದು ಎಂದು 30 ಲಕ್ಷ ಹೋಗಿದೆ. ಏರಿದ 90ಕ್ಕೆ ಖರ್ಚಿನ 30 ಸೇರಿಸಿದರೆ 120 ಲಕ್ಷ. ಸಂಬಳ ಬಂದದ್ದು 60 ಲಕ್ಷ. ಉಳಿದ 60 ಎಲ್ಲಿಂದ? "ಒಂದೆಕರೆ ತೋಟ ಉಂಟಲ್ಲ, ವರ್ಷಕ್ಕೆ ಹತ್ತು ಲಕ್ಷ" ಎನ್ನುತ್ತಾರೆ ಅವರು. ಲೆಕ್ಕ ಸರಿಹೋಯಿತು!

ತನಿಖೆಯವರು ಈಗ ತೋಟಕ್ಕೇ ಹೋಗುತ್ತಾರೆ. ಒಂಬತ್ತಡಿ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 550 ಮರ. ಮರಕ್ಕೆ 2 ಕಿಲೋ ಒಣ ಚಾಲಿ ಅಡಿಕೆ ಎಂದರೂ 1,100 ಕಿಲೋ. ಕಿಲೋಗೆ 400 ರೂಪಾಯಿಯಂತೆ 4.4 ಲಕ್ಷ. ಗೊಬ್ಬರ, ಮದ್ದು ಬಿಡುವುದು, ಕೊಯ್ಲು, ಸುಲಿಯುವ ಕೂಲಿಗೆ ಅರ್ಧ ಕಳೆದರೆ 2.2 ಲಕ್ಷ; ಆರು ವರ್ಷಕ್ಕೆ 13 ಲಕ್ಷದಷ್ಟು. ಒಟ್ಟು ಆದಾಯ 73 ಲಕ್ಷ, ಲೆಕ್ಕಕ್ಕೆ ಸಿಗದ್ದು 47 ಲಕ್ಷ. ಸಸಿ ನೆಟ್ಟು ನಾಲ್ಕೇ ವರ್ಷವಾಗಿದ್ದರೆ ಆ 13 ಲಕ್ಷವೂ ಇಲ್ಲ. ಕೊಳೆರೋಗ ಬಂದ ವರ್ಷವೂ ಫಸಲು ಅಷ್ಟೇ ತೋರಿಸಿದ್ದರೆ ಸುಳ್ಳು ತಾನಾಗಿ ಹೊರಬೀಳುತ್ತದೆ.

ನನಗೆ ಇದಕ್ಕಿಂತ ಸ್ವಾರಸ್ಯ ಕಾಣುವುದು ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ. ಸಂಬಳ ತಿಂಗಳು ತಿಂಗಳು ಜಮೆಯಾಗುತ್ತದೆ, ಆದರೆ ಎಂಟು ತಿಂಗಳು ಒಂದು ರೂಪಾಯಿ ತೆಗೆದಿಲ್ಲ. ಹಾಗಾದರೆ ಮೀನು, ಪೆಟ್ರೋಲು, ಕರೆಂಟು ಬಿಲ್ಲಿಗೆ ಯಾವ ದುಡ್ಡು? ಹುಷಾರಿನವರು ಕದ್ದದ್ದನ್ನು ಮುಚ್ಚುತ್ತಾರೆ, ಖರ್ಚು ಮಾಡದ ಸಂಬಳವನ್ನು ಮುಚ್ಚಲು ಮರೆಯುತ್ತಾರೆ.

ಆದಾಯಕ್ಕೆ ಹೋಲಿಸಿ ಹತ್ತು ಶೇಕಡಾದವರೆಗಿನ ಹೆಚ್ಚುವರಿ ಆಸ್ತಿಯನ್ನು ನ್ಯಾಯಾಲಯಗಳು ಮನ್ನಿಸಿದ್ದುಂಟು. ಸುಪ್ರೀಂ ಕೋರ್ಟಿನ ಹಳೆಯ ತೀರ್ಪೊಂದು ಅದಕ್ಕೆ ಆಧಾರ. ಹಾಗಾಗಿ ಕೂಡಿಸುವಲ್ಲಿನ ತಪ್ಪೂ ತೀರ್ಪನ್ನೇ ತಿರುಗಿಸೀತು. ಜಯಲಲಿತಾ ಪ್ರಕರಣದಲ್ಲಿ ಆದಾಯದ ಲೆಕ್ಕಕ್ಕೆ ಹಿಡಿದ, 10.67 ಕೋಟಿಯಾಗಬೇಕಿದ್ದ ಸಾಲದ ಮೊತ್ತವನ್ನು ಕರ್ನಾಟಕ ಹೈಕೋರ್ಟ್ 2015ರಲ್ಲಿ 24.17 ಕೋಟಿ ಎಂದು ಕೂಡಿಸಿತು, ಹೆಚ್ಚುವರಿ 8.12 ಶೇಕಡಾಕ್ಕೆ ಇಳಿಯಿತು, ಖುಲಾಸೆಯಾಯಿತು. 2017ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ನಮ್ಮ ಅಧಿಕಾರಿಯದ್ದು 73ಕ್ಕೆ 47, ಅಂದರೆ 64 ಶೇಕಡಾ. ತಪ್ಪಿಸಿಕೊಳ್ಳುವ ಅಂತರವಲ್ಲ.

ಆ 47 ಲಕ್ಷದ ಸೈಟು ಭಾವನ ಹೆಸರಿನಲ್ಲಿದೆ ಎನ್ನಿ. ವಿಜಿಲೆನ್ಸ್ ಪ್ರಕರಣ ದಾಖಲಾದ ಮೇಲೆ ಜಾರಿ ನಿರ್ದೇಶನಾಲಯವೂ ಕೈಹಾಕಬಹುದು. ಭಾವನ ಖಾತೆಗೆ ಯಾರು ಯಾವಾಗ ಹಾಕಿದರು ಎಂದು ಹಿಂದಕ್ಕೆ ಹೋಗುತ್ತಾ, ದುಡ್ಡು ಈ ಅಧಿಕಾರಿಯದ್ದೇ ಎಂದು ತೋರಿದರೆ ಸೈಟನ್ನು 180 ದಿನದ ಮಟ್ಟಿಗೆ ತಾತ್ಕಾಲಿಕವಾಗಿ ಮುಟ್ಟುಗೋಲು ಹಾಕುತ್ತಾರೆ. 30 ದಿನದೊಳಗೆ ತೀರ್ಮಾನ ಪ್ರಾಧಿಕಾರಕ್ಕೆ ದೂರು ಕೊಡಬೇಕು, ಅದು ಒಪ್ಪಿದರೆ ಮಾತ್ರ ಆದೇಶ ಉಳಿಯುತ್ತದೆ. ಅಷ್ಟರಲ್ಲಿ ಸೈಟು ಮಾರಾಟವಾಗಿ ಹಣ ಕರಗಿದ್ದರೂ, ಅದೇ ಬೆಲೆಯ ಬೇರೆ ಆಸ್ತಿಯನ್ನು ಹಿಡಿಯಲು ಅಕ್ರಮ ಹಣ ವರ್ಗಾವಣೆ ತಡೆ ಕಾಯಿದೆಯಲ್ಲಿ ದಾರಿ ಇದೆ. ಆದರೆ ಮೂಲ ಭ್ರಷ್ಟಾಚಾರದ ಪ್ರಕರಣದಲ್ಲೇ ಖುಲಾಸೆಯಾದರೆ, ಈ ಮುಟ್ಟುಗೋಲಿಗೂ ನಿಲ್ಲಲು ನೆಲವಿಲ್ಲ.