ಓಟದ ಕೇಡೆನ್ಸ್: 180ರ ಲೆಕ್ಕ ಬಿಡಿ, ನಿಮ್ಮದನ್ನು ಎಣಿಸಿ

ನಿಮಿಷಕ್ಕೆ ಎರಡೂ ಕಾಲು ಸೇರಿ ಎಷ್ಟು ಸಲ ನೆಲಕ್ಕೆ ಬೀಳುತ್ತವೋ ಅದೇ ಕೇಡೆನ್ಸ್. ವೇಗ ಅಂದರೆ ಕೇಡೆನ್ಸನ್ನು ಹೆಜ್ಜೆಯ ಉದ್ದದಿಂದ ಗುಣಿಸಿದ್ದು, ಅಷ್ಟೇ. ಹಾಗಾಗಿ ವೇಗ ಬದಲಾಗದೆ ಒಂದು ಜಾಸ್ತಿಯಾದರೆ ಇನ್ನೊಂದು ಕಡಿಮೆಯಾಗಲೇಬೇಕು.

‘180 ಇರಬೇಕು’ ಅನ್ನೋ ಮಾತು ಎಲ್ಲರೂ ಕೇಳಿರುತ್ತೀರಿ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಕೋಚ್ ಜ್ಯಾಕ್ ಡೇನಿಯಲ್ಸ್ ಓಟಗಾರರ ಹೆಜ್ಜೆ ಎಣಿಸಿದರು. ಹೆಚ್ಚುಕಡಿಮೆ ಎಲ್ಲರದೂ 180 ಅಥವಾ ಅದಕ್ಕಿಂತ ಜಾಸ್ತಿ ಇತ್ತು. ಆದರೆ ಅವರು ಓಡುತ್ತಿದ್ದದ್ದು ರೇಸ್ ವೇಗದಲ್ಲಿ. ವೇಗ ಏರಿದರೆ ಕೇಡೆನ್ಸೂ ಏರುತ್ತದೆ. ನಮ್ಮ ಆರಾಮದ ಓಟಕ್ಕೆ ಅದನ್ನೇ ಅಳತೆಗೋಲು ಮಾಡಿಕೊಳ್ಳುವುದು ಸರಿಯಲ್ಲ, ಅಲ್ವಾ?

ಹಾಗಾದರೆ ಯಾರು ಬದಲಿಸಬೇಕು? ನೋವಿಲ್ಲದೆ ಓಡುತ್ತಿರುವವರು ಸುಮ್ನೆ ಮುಟ್ಟಬೇಡಿ. ಪಕ್ಕದಿಂದ ಮೊಬೈಲ್‌ನಲ್ಲಿ ಸ್ಲೋ ಮೋಷನ್ ವಿಡಿಯೋ ತೆಗೆಸಿ ನೋಡಿ. ಪಾದ ನೆಲ ಮುಟ್ಟುವ ಹೊತ್ತಿಗೆ ಮಂಡಿಗಿಂತ ಸಾಕಷ್ಟು ಮುಂದಿದ್ದರೆ, ಕಾಲು ನೆಟ್ಟಗೆ ಚಾಚಿದ್ದರೆ, ಹೆಜ್ಜೆ ಉದ್ದವಾಗಿದೆ. ಪ್ರತಿ ಹೆಜ್ಜೆಗೂ ಸಣ್ಣ ಬ್ರೇಕ್ ಬೀಳುತ್ತದೆ, ಮಂಡಿಯ ಮೇಲೆ ಭಾರ ಜಾಸ್ತಿ. ಅದರ ಜೊತೆ ಮಂಡಿಯ ಮುಂಭಾಗ ಆಗಾಗ ನೋಯುತ್ತಿದ್ದರೆ ಒಂದು ಸಣ್ಣ ಪ್ರಯೋಗ ಮಾಡಬಹುದು.

ನನ್ನದೇ ಲೆಕ್ಕ ಹೇಳುತ್ತೇನೆ. ಆರಾಮದ ಓಟದಲ್ಲಿ ಬಲಗಾಲು 30 ಸೆಕೆಂಡಿಗೆ 40 ಸಲ ಬಿತ್ತು. ನಾಲ್ಕರಿಂದ ಗುಣಿಸಿದರೆ 160. ನನ್ನ ವೇಗ ಕಿಲೋಮೀಟರಿಗೆ ಆರೂವರೆ ನಿಮಿಷ, ಅಂದರೆ 400 ಮೀಟರ್ ಟ್ರ್ಯಾಕ್‌ನ ಒಂದು ಸುತ್ತಿಗೆ 2 ನಿಮಿಷ 36 ಸೆಕೆಂಡು. ಹೆಜ್ಜೆ ಸುಮಾರು 96 ಸೆಂಟಿಮೀಟರ್. ಶೇಕಡಾ 5 ಏರಿಸಿದರೆ ಕೇಡೆನ್ಸ್ 168, ಹೆಜ್ಜೆ ಸುಮಾರು 92. ನಾಲ್ಕು ಬೆರಳಿನಷ್ಟೂ ವ್ಯತ್ಯಾಸವಿಲ್ಲ! ಶೇಕಡಾ 10 ಏರಿಸಿ 176ಕ್ಕೆ ಹಾರಬೇಡಿ. ಅಷ್ಟಾದರೆ ಓಟ ತಡವರಿಸುತ್ತದೆ, ಏದುಸಿರೂ ಬರುತ್ತದೆ.

ಮೊಬೈಲ್‌ನ ಮೆಟ್ರೊನೋಮ್ ಆ್ಯಪನ್ನು 168ಕ್ಕೆ ಇಟ್ಟುಕೊಂಡೆ. ಒಂದು ನಿಮಿಷ ಆ ತಾಳಕ್ಕೆ, ಎರಡು ನಿಮಿಷ ನನ್ನ ಪಾಡಿಗೆ, ಹೀಗೆ ಆರು ಸಲ. ವಾರಕ್ಕೆ ಎರಡೇ ದಿನ. ಎಲ್ಲರೂ ಎಡವುವುದು ಒಂದೇ ಕಡೆ: ತಾಳ ಹಿಡಿದ ಕೂಡಲೇ ವೇಗವೂ ಏರಿಬಿಡುತ್ತದೆ. ನನಗೂ ಹಾಗೇ ಆಯಿತು. 200 ಮೀಟರಿಗೆ 78 ಸೆಕೆಂಡು ಆಗಬೇಕಿತ್ತು, 73ಕ್ಕೇ ಮುಗಿಸಿದ್ದೆ. ಹಾಗೆ ಓಡಿದರೆ ಹೆಜ್ಜೆ ಚಿಕ್ಕದಾಗುವುದೇ ಇಲ್ಲ, ಪ್ರಯೋಗವೂ ಕೆಡುತ್ತದೆ. ಟ್ರೆಡ್‌ಮಿಲ್ ಇದ್ದರೆ ಈ ತಲೆನೋವಿಲ್ಲ.

ಇನ್ನೊಂದು ಮಾತು. ಮಣಿಕಟ್ಟಿನ ವಾಚ್ ಕೆಲವೊಮ್ಮೆ ಹೆಜ್ಜೆಯ ಅದುರುವಿಕೆಯನ್ನೇ ಎದೆಬಡಿತ ಅಂದುಕೊಳ್ಳುತ್ತದೆ. ಬಡಿತವೂ 168, ಕೇಡೆನ್ಸೂ 168 ತೋರಿಸಿದರೆ ಗಾಬರಿ ಬೇಡ. ಓಡುತ್ತಾ ಪೂರ್ತಿ ವಾಕ್ಯ ಮಾತಾಡಲು ಆಗುತ್ತಾ ನೋಡಿ.

ಮರುದಿನ ಬೆಳಗ್ಗೆ ಮೀನಖಂಡ, ಹಿಮ್ಮಡಿಯ ಹಿಂದಿನ ಸ್ನಾಯುರಜ್ಜು ಮುಟ್ಟಿ ನೋಡಿಕೊಳ್ಳಿ. ತುದಿಗಾಲಲ್ಲಿ ಓಡಲು ಶುರುಮಾಡಿದ್ದರೆ ಭಾರ ಮಂಡಿಯಿಂದ ಅಲ್ಲಿಗೆ ಇಳಿದಿರುತ್ತದೆ. ಸ್ವಲ್ಪ ಬಿಗಿತ ಇದ್ದು, ಓಡಾಡಿದ ಮೇಲೆ ಹೋದರೆ ಮುಂದುವರಿಸಿ. ಹಾಸಿಗೆಯಿಂದ ಎದ್ದು ಇಡುವ ಮೊದಲ ಹೆಜ್ಜೆಗಳೇ ಚುಚ್ಚಿದರೆ ತಾಳ ನಿಲ್ಲಿಸಿ, ಹಳೇ ಹೆಜ್ಜೆಗೆ ವಾಪಸ್ ಬನ್ನಿ. ಕುಂಟುವಂತಾದರೆ ಓಟವನ್ನೇ ನಿಲ್ಲಿಸಿ ಫಿಸಿಯೋಗೆ ತೋರಿಸಿ.