ಶೋರೂಮಲ್ಲಿ ಗಟ್ಟಿ, ಏಪ್ರಿಲ್ ರಾತ್ರೀಲಿ ಮೆತ್ತಗೆ: ಸೊಂಟನೋವು ಇದ್ದೋರು ಯಾವ ಹಾಸಿಗೆ ತಗೋಬೇಕು

ಮೇ ತಿಂಗಳಲ್ಲಿ ಮಂಗಳೂರಿನ ನನ್ನ ಫಿಸಿಯೋ ಕ್ಲಿನಿಕ್‌ಗೆ ಒಬ್ಬ ಟೀಚರ್ ಬಂದಿದ್ರು, ವಯಸ್ಸು ಐವತ್ತು ದಾಟಿತ್ತು. ಎರಡು ವರ್ಷದಿಂದ ಸೊಂಟನೋವು, ಬೆಳಿಗ್ಗೆ ಎದ್ದಾಗ ಜಾಸ್ತಿ, ಹಲ್ಲುಜ್ಜಿ ಕಾಫಿ ಕುಡಿಯೋಷ್ಟರಲ್ಲಿ ಕಮ್ಮಿ ಆಗ್ತಿತ್ತು, ಅಕ್ಕನ ಮನೇಲಿ ಮಲಗಿದ ದಿನ ನೋವೇ ಇರ್ತಿರ್ಲಿಲ್ವಂತೆ. ಈ ಎರಡು ಮಾತು ಒಟ್ಟಿಗೆ ಕೇಳಿದ್ರೆ ನಾನು ಮೊದಲು ಹಾಸಿಗೆ ಬಗ್ಗೆನೇ ಕೇಳೋದು. ಅವರು ಹೇಳಿದ್ರು, "ಹಾಸಿಗೆ ಹೊಸತೇ ಡಾಕ್ಟ್ರೇ, ಜನವರಿಯಲ್ಲಿ ತಗೊಂಡದ್ದು, ಮೆಮೊರಿ ಫೋಮ್. ಒಂದು ತಿಂಗಳು ಚಂದ ಇತ್ತು ಮಾರಾಯ್ರೆ, ಈಗ ಮಲಗಿದ್ರೆ ಅದು ನನ್ನನ್ನ ನುಂಗಿದ ಹಾಗೆ ಆಗ್ತದೆ, ಬೆನ್ನೆಲ್ಲ ಬೆವರು."

ಹಾಸಿಗೆ ಹಾಳಾಗಿರ್ಲಿಲ್ಲ. ಮೆಮೊರಿ ಫೋಮ್ ಅಂದ್ರೆ ಬಿಸಿಗೆ ಮೆತ್ತಗಾಗೋ, ತಣ್ಣಗಾದ್ರೆ ಗಟ್ಟಿಯಾಗೋ ಪಾಲಿಯುರೆಥೇನ್ ಫೋಮ್. 1960ರ ದಶಕದಲ್ಲಿ ಅಮೆರಿಕದ ನಾಸಾಗೋಸ್ಕರ ವಿಮಾನದ ಸೀಟಿಗೆ ಅಂತ ತಯಾರಾಗಿದ್ದು ಅದು. ಮೈ ಬಿಸಿ ತಾಗಿದ ಕಡೆ ಮೆತ್ತಗಾಗಿ ಮೈ ಆಕಾರಕ್ಕೆ ಇಳಿಯುತ್ತೆ, ಭುಜ, ಸೊಂಟದ ಮೂಳೆ ಮೇಲೆ ಒತ್ತಡ ಕಮ್ಮಿ ಆಗುತ್ತೆ, ಅದೇ ಅದರ ಒಳ್ಳೆ ಗುಣ. ಆದ್ರೆ ಇವರು ಅದನ್ನ ಮಲಗಿ ನೋಡಿದ್ದು ಶೋರೂಮಿನ ಎಸಿಯಲ್ಲಿ. ಮನೆಗೆ ತಂದದ್ದು ಜನವರಿಯಲ್ಲಿ, ನಮ್ಮೂರಲ್ಲಿ ಇದ್ದಿದ್ರಲ್ಲಿ ತಂಪು ರಾತ್ರಿಗಳು ಆಗಲೇ. ಏಪ್ರಿಲ್ ಬಂತು, ಬೆಡ್‌ರೂಮಲ್ಲಿ ಫ್ಯಾನ್ ಮಾತ್ರ, ರಾತ್ರಿ ಹನ್ನೊಂದಕ್ಕೂ ರೂಮು ಮೂವತ್ತು ಡಿಗ್ರಿ ಹತ್ತಿರ, ಅದೇ ಫೋಮ್ ಈಗ ಬೇರೆ ಹಾಸಿಗೆ ಥರ. ಮೈಯಲ್ಲಿ ಭಾರ ಇರೋದು ಸೊಂಟದ ಭಾಗದಲ್ಲಿ, ಅದು ಮೊದಲು ಕೆಳಗೆ ಹೋಗುತ್ತೆ, ನಡು ಬೆನ್ನು ಬಾಗುತ್ತೆ, ಮಗ್ಗುಲು ಬದಲಾಯಿಸೋಕೆ ಗುಂಡಿಯಿಂದ ಎದ್ದ ಹಾಗೆ ಕಷ್ಟ ಪಡ್ಬೇಕು. ಅದಕ್ಕೇ ನಾನು ಹೇಳೋದು, ನಮ್ಮ ಕಡೆ ಸೆಕೆ ಬೇರೆ, ಬೆನ್ನಿನ ಸಪೋರ್ಟ್ ಬೇರೆ ಅಂತ ಎರಡು ಪ್ರಶ್ನೆ ಮಾಡ್ಕೋಬೇಡಿ, ಮೆಮೊರಿ ಫೋಮ್ ವಿಷಯದಲ್ಲಂತೂ ಅವೆರಡೂ ಒಂದೇ.

ಬೆವರಿಗೂ ಕಾರಣ ಅದೇ ತಗ್ಗು. ಮೈ ಎಷ್ಟು ಆಳಕ್ಕೆ ಇಳಿಯುತ್ತೋ ಅಷ್ಟು ಸುತ್ತ ಫೋಮ್ ಅಂಟಿಕೊಳ್ಳುತ್ತೆ, ಗಾಳಿ ಆಡಲ್ಲ, ಕರಾವಳಿಯ ತೇವದ ಗಾಳಿಯಲ್ಲಿ ಬೆವರು ಮೊದಲೇ ಆರಲ್ಲ. ಕೂಲ್ ಜೆಲ್ ಅಂತ ನೀಲಿ ಪದರ ಹಾಕಿ ಮಾರ್ತಾರಲ್ಲ, ಕೈ ಇಟ್ರೆ ತಣ್ಣಗೆ ಅನ್ಸುತ್ತೆ, ಆದ್ರೆ ಸ್ವಲ್ಪ ಹೊತ್ತಿಗೆ ಅದೂ ಮೈ ಬಿಸಿಗೆ ಬಂದುಬಿಡುತ್ತೆ, ಬೆಳಗಿನ ತನಕ ಅದನ್ನ ನಂಬೋಕಾಗಲ್ಲ.

ಇದಕ್ಕೆ ಮುಂಚೆ ಅವರ ಹತ್ರ ಇದ್ದದ್ದು ಹತ್ತು ವರ್ಷದ ಕಾಯರ್ ಹಾಸಿಗೆ, ನಾಲ್ಕು ಇಂಚು. ಸೊಂಟನೋವಿಗೆ ಗಟ್ಟಿ ಹಾಸಿಗೆ ಅಂತ ಯಾರೋ ಹೇಳಿದ್ರಿಂದ ಅದನ್ನೂ ಬಿಟ್ಟು ಆರು ತಿಂಗಳು ನೆಲದ ಮೇಲೆ ಚಾಪೆ ಹಾಕಿ ಮಲಗಿದ್ರು, ನೋವು ಹೋಗ್ಲಿಲ್ಲ. ಈ ಗಟ್ಟಿ ಹಾಸಿಗೆ ಮಾತು ನಮ್ಮಲ್ಲಿ ತುಂಬಾ ಬೇರೂರಿದೆ. 2003ರಲ್ಲಿ ಸ್ಪೇನಿನಲ್ಲಿ ದೀರ್ಘಕಾಲದ ಸೊಂಟನೋವಿನ 313 ಜನರಿಗೆ ಅರ್ಧ ಜನಕ್ಕೆ ಗಟ್ಟಿ, ಅರ್ಧ ಜನಕ್ಕೆ ಮಧ್ಯಮ ಗಟ್ಟಿ ಹಾಸಿಗೆ ಕೊಟ್ಟು ತೊಂಬತ್ತು ದಿನ ನೋಡಿದ್ರು, ಮಧ್ಯಮದವರಿಗೇ ಹೆಚ್ಚು ಆರಾಮ ಸಿಕ್ತು. ಅಗಲ ಸೊಂಟದವರು ಕಲ್ಲಿನಂಥ ಹಾಸಿಗೆ ಮೇಲೆ ಮಗ್ಗುಲಾದ್ರೆ ಭುಜ, ಸೊಂಟ ಒಳಗೆ ಇಳಿಯೋಕೆ ಜಾಗ ಇಲ್ಲದೆ ಬೆನ್ನು ಓರೆಯಾಗುತ್ತೆ, ಅಂಗಾತ ಮಲಗಿದ್ರೆ ನಡು ಗಾಳಿಯಲ್ಲಿ ತೂಗುತ್ತೆ. ಹಾಸಿಗೆ ಮೇಲೆ ಆರ್ಥೋಪೆಡಿಕ್ ಅಂತ ಬರೆದಿದ್ರೆ ಅದನ್ನ ನೋಡಿ ತಗೋಬೇಡಿ, ಆ ಪದಕ್ಕೆ ಎಲ್ಲ ಕಂಪನಿಗಳೂ ಒಪ್ಪಿರೋ ಅಳತೆ ಅಂತ ಒಂದಿಲ್ಲ.

ಪರೀಕ್ಷೆ ಮಾಡೋದು ಸುಲಭ. ಅಂಗಾತ ಮಲಗಿ, ನಡು ಬೆನ್ನಿನ ಕೆಳಗಿರೋ ಸಂದಿಗೆ ಅಂಗೈ ತೂರಿಸಿ. ಕೈ ಸಲೀಸಾಗಿ ಆಕಡೆ ಈಕಡೆ ಓಡಾಡಿದ್ರೆ ಅದು ನಿಮಗೆ ಗಟ್ಟಿ, ತೂರಿಸೋಕೇ ಒದ್ದಾಡಿದ್ರೆ ಮೆತ್ತಗೆ, ಸ್ವಲ್ಪ ಬಿಗಿಯಾಗಿ ಹೋದ್ರೆ ಸರಿ. ಆಮೇಲೆ ದಿಂಬು ಇಟ್ಟು ಮಗ್ಗುಲಾಗಿ, ಜೊತೆಗೆ ಬಂದೋರಿಗೆ ಹಿಂದಿನಿಂದ ಒಂದು ಫೋಟೋ ತೆಗೀರಿ ಅನ್ನಿ, ಕುತ್ತಿಗೆಯಿಂದ ಕೆಳಗಿನ ಮೂಳೆವರೆಗೂ ಗೆರೆ ನೇರ ಇರ್ಬೇಕು. ಹದಿನೈದು ನಿಮಿಷ ಮಲಗಿ, ಅಂಗಡಿಯವರು ನೋಡ್ತಾರೆ ಅಂತ ನಾಚಿಕೊಂಡು ಎರಡೇ ನಿಮಿಷಕ್ಕೆ ಎದ್ದುಬಿಡಬೇಡಿ.

ಟೀಚರ್ ಮನೆಗೆ ನಾನು ಸೂಚಿಸಿದ್ದು ಕೆಳಗೆ ನಾಲ್ಕು ಇಂಚು ಹೊಸ ರಬ್ಬರೈಸ್ಡ್ ಕಾಯರ್, ಮೇಲೆ ಎರಡು ಇಂಚು ಲೇಟೆಕ್ಸ್. ಕಾಯರ್ ಅಂದ್ರೆ ಸುರುಳಿ ಮಾಡಿದ ತೆಂಗಿನ ನಾರಿಗೆ ರಬ್ಬರ್ ಹಾಲು ಸಿಂಪಡಿಸಿ ಒತ್ತಿ ಮಾಡಿದ್ದು, ನಾರಿನ ಮಧ್ಯೆ ಎಲ್ಲಾ ಕಡೆ ಸಂದು ಇರೋದ್ರಿಂದ ಗಾಳಿ ಚೆನ್ನಾಗಿ ಆಡುತ್ತೆ, ಬುಡ ಗಟ್ಟಿಯಾಗಿರುತ್ತೆ, ಬರೀ ಅದೊಂದೇ ಆದ್ರೆ ಒತ್ತುತ್ತೆ. ಲೇಟೆಕ್ಸ್ ರಬ್ಬರ್ ಮರದ ಹಾಲಿನ ನೊರೆ, ಅದರ ತುಂಬಾ ಕಡ್ಡಿ ಗಾತ್ರದ ತೂತು ಇರುತ್ತೆ. ಮುಖ್ಯ ವಿಷಯ ಏನಂದ್ರೆ ನಮ್ಮ ರೂಮಿನ ಸೆಕೆಗೂ ಚಳಿಗೂ ಅದು ಹೆಚ್ಚುಕಮ್ಮಿ ಒಂದೇ ಥರ ಇರುತ್ತೆ, ಒತ್ತಿದ ಕೂಡಲೇ ವಾಪಸ್ ಬರುತ್ತೆ, ಹಾಗಾಗಿ ಮಗ್ಗುಲು ಬದಲಾಯಿಸೋದು ಸುಲಭ. ಪೂರ್ತಿ ಆರು ಇಂಚು ಲೇಟೆಕ್ಸ್ ತಗೊಂಡ್ರೆ ಇನ್ನೂ ಚಂದ, ಆದ್ರೆ ರೇಟು ಜಾಸ್ತಿ, ಭಾರ ಎಷ್ಟಂದ್ರೆ ಒಬ್ಬರೇ ಎತ್ತಿ ಮಗುಚೋಕೆ ಆಗಲ್ಲ. ರಬ್ಬರ್ ಅಲರ್ಜಿ ಇರೋರು ಬಿಡ್ಬೇಕು.

ಸ್ಪ್ರಿಂಗ್ ಬಗ್ಗೆ ಅವರ ಯಜಮಾನರು ಕೇಳಿದ್ರು. ಗಂಡ ಹೆಂಡತಿ ತೂಕದಲ್ಲಿ ತುಂಬಾ ವ್ಯತ್ಯಾಸ ಇದ್ರೆ ಪಾಕೆಟ್ ಸ್ಪ್ರಿಂಗ್ ಒಳ್ಳೇದು, ಒಂದೊಂದು ಸ್ಪ್ರಿಂಗೂ ಬೇರೆ ಬೇರೆ ಬಟ್ಟೆ ಚೀಲದಲ್ಲಿ ಇರುತ್ತೆ, ಒಬ್ಬರು ಹೊರಳಿದ್ರೆ ಇನ್ನೊಬ್ಬರಿಗೆ ಗೊತ್ತಾಗಲ್ಲ. ಬೊನೆಲ್ ಅಂತಾರಲ್ಲ, ಎಲ್ಲಾ ಸ್ಪ್ರಿಂಗ್ ತಂತಿಯಲ್ಲಿ ಕಟ್ಟಿರೋದು, ಅದು ಕೆಲವು ವರ್ಷಕ್ಕೆ ತೊಟ್ಟಿಲ ಥರ ಜೋತುಬೀಳುತ್ತೆ, ಬೆನ್ನುನೋವಿಗೆ ನಾನು ಬೇಡ ಅಂತೀನಿ. ಸ್ಪ್ರಿಂಗ್ ಹಾಸಿಗೆ ಒಳಗೆ ಗಾಳಿ ಓಡಾಡೋದು ನಿಜ, ಆದ್ರೆ ಮೇಲೆ ಎರಡು ಇಂಚು ಮೆಮೊರಿ ಫೋಮ್ ಹೊದಿಸಿದ್ರೆ ಆ ಗಾಳಿ ನಿಮ್ಮ ಬೆನ್ನಿಗೆ ತಲುಪಲ್ಲ, ಆದ್ದರಿಂದ ಮೇಲಿನ ಪದರ ಯಾವುದು ಅಂತ ಕೇಳಿ ತಗೊಳ್ಳಿ.

ಅವರ ಮಂಚ ಬಾಕ್ಸ್ ಕಾಟ್, ಕೆಳಗೆ ಪೂರ್ತಿ ಪ್ಲೈವುಡ್. ಹಳೇ ಕಾಯರ್ ಹಾಸಿಗೆಯ ಅಡಿಯಲ್ಲಿ ಬೂಷ್ಟು ಹಿಡಿದಿತ್ತು, ಬೆವರಿನ ತೇವ ಇಳಿದು ಅಲ್ಲೇ ನಿಂತಿದ್ದಕ್ಕೆ. ಬಡಗಿ ಕರೆಸಿ ಆ ಹಲಗೆಗೆ ಅರ್ಧ ಅಡಿಗೊಂದು ತೂತು ಕೊರೆಸಿದ್ರು. ರಬ್ಬರ್ ಶೀಟಿನ ವಾಟರ್‌ಪ್ರೂಫ್ ಕವರ್ ತೆಗೆಸಿ ಕಾಟನ್ ಹಾಕಿಸ್ದೆ, ಆ ರಬ್ಬರ್ ಕವರನ್ನ ಹಾಗೇ ಬಿಟ್ಟಿದ್ರೆ ಲೇಟೆಕ್ಸಿನ ತೂತಿಗೆ ಕೊಟ್ಟ ದುಡ್ಡು ದಂಡ. ಲೇಟೆಕ್ಸ್ ಬಿಸಿಲಿಗೆ ಹಾಕ್ಬಾರ್ದು, ಪುಡಿಯಾಗುತ್ತೆ, ನೆರಳಲ್ಲಿ ಗಾಳಿಗೆ ಇಡ್ಬೇಕು.

ಎಲ್ಲ ಬೆಳಗಿನ ನೋವೂ ಹಾಸಿಗೆಯದ್ದಲ್ಲ. ನಲವತ್ತರೊಳಗಿನವರಿಗೆ ತಿಂಗಳುಗಟ್ಟಲೆ ಬೆಳಿಗ್ಗೆ ಅರ್ಧ ಗಂಟೆಗಿಂತ ಹೆಚ್ಚು ಬಿಗಿತ, ನಡುರಾತ್ರಿ ನೋವಿಗೇ ಎಚ್ಚರ ಆಗೋದು ಇದ್ರೆ ಕೀಲು-ವಾತದ ಡಾಕ್ಟ್ರು, ಅಂದ್ರೆ ರುಮಟಾಲಜಿಸ್ಟ್ ಹತ್ರ ಹೋಗಿ. ಕಾಲಿನ ಬಲವೇ ಹೋದ್ರೆ, ಮೂತ್ರ ಹಿಡಿತಕ್ಕೆ ಸಿಗದಿದ್ರೆ ಅವತ್ತೇ ಆಸ್ಪತ್ರೆ.

ಹೊಸ ಹಾಸಿಗೆಗೆ ಮೈ ಹೊಂದೋಕೆ ಟೀಚರ್‌ಗೆ ಮೂರು ವಾರ ಬೇಕಾಯ್ತು, ಜುಲೈನಲ್ಲಿ ಬಂದಾಗ ಬೆಳಗಿನ ನೋವು ತುಂಬಾ ಕಮ್ಮಿ ಆಗಿತ್ತು, ವ್ಯಾಯಾಮ ಮಾತ್ರ ಇನ್ನೂ ನಡೀತಿದೆ. ಆರು ತಿಂಗಳಿಗೊಮ್ಮೆ ಹಾಸಿಗೆಗೆ ಅಡ್ಡ ದಾರ ಬಿಗಿದು ನೋಡಿ ಅಂದಿದ್ದೀನಿ, ಯಾರೂ ಮಲಗದಿರುವಾಗಲೂ ದಾರದ ಕೆಳಗೆ ಒಂದೂವರೆ ಇಂಚು ತಗ್ಗು ಕಂಡ್ರೆ ಕಾಯರ್ ಬದಲಾಯಿಸ್ಬೇಕು, ಲೇಟೆಕ್ಸ್ ಅದೇ ಇಟ್ಕೋಬಹುದು. ಆ ಮೆಮೊರಿ ಫೋಮ್ ಹಾಸಿಗೆ ಈಗ ಮಗನ ರೂಮಲ್ಲಿದೆ, ಅಲ್ಲಿ ಎಸಿ ಇದೆ, ಅವನಿಗೆ ಅದು ಸರಿಯಾಗೇ ಇದೆಯಂತೆ.