‘ಥುಮ್ಮ… ಥುಮ್ಮ… ಥುಮ್ಮ…’: ಅರಬ್ಬಿ ಮೌಖಿಕ ಪರೀಕ್ಷೆಯಲ್ಲಿ ದಿನಚರಿ ಹೇಳುವುದು ಹೇಗೆ?

ಪ್ರಶ್ನೆ: ಮಾನ್ಯರೇ, ನಾನು ಕುಮಟಾದ ವಿದ್ಯಾರ್ಥಿನಿ. ಶಾಲೆಯ ಜೊತೆಗೆ ಅರಬ್ಬಿಯನ್ನೂ ಕಲಿಯುತ್ತಿದ್ದೇನೆ. ಮುಂದಿನ ತಿಂಗಳ ಮೌಖಿಕ ಪರೀಕ್ಷೆಗೆ ‘ನನ್ನ ದಿನಚರಿ’ ಎಂಬ ವಿಷಯವನ್ನು ಬಾಯಿಪಾಠ ಮಾಡಿದ್ದೇನೆ. ವ್ಯಾಕರಣದಲ್ಲಿ ತಪ್ಪಿಲ್ಲ ಎಂದು ನಮ್ಮ ಉಸ್ತಾದರು ಒಪ್ಪಿದರೂ, ‘ಇದು ಮಾತಲ್ಲ, ಪಟ್ಟಿ’ ಎನ್ನುತ್ತಾರೆ. ವಾಕ್ಯಗಳನ್ನು ಜೋಡಿಸಲು ಯಾವ ಪದಗಳನ್ನು ಬಳಸಬೇಕು?

ಉತ್ತರ: ನೀವು ಬರೆದು ಕಳಿಸಿದ ಉತ್ತರವನ್ನು ಗಟ್ಟಿಯಾಗಿ ಓದಿ ನೋಡಿದೆ. ಅದು ಹೀಗಿದೆ: “ಅಸ್ತೈಕಿಝು ಫಿಸ್ಸಾಅತಿಸ್ ಸಾದಿಸ. ಥುಮ್ಮ ಅಗ್ಸಿಲು ವಜ್‌ಹೀ. ಥುಮ್ಮ ಅಶ್ರಬುಶ್ ಶಾಯ್. ಥುಮ್ಮ ಅದ್‌ಹಬು ಇಲಲ್ ಮದ್ರಸ. ಥುಮ್ಮ ಅಊದು ಇಲಲ್ ಬೈತ್. ಥುಮ್ಮ ಅದ್ರುಸು. ಥುಮ್ಮ ಅನಾಮ್.” ಆರು ಗಂಟೆಗೆ ಏಳುತ್ತೇನೆ, ಆಮೇಲೆ ಮುಖ ತೊಳೆಯುತ್ತೇನೆ, ಆಮೇಲೆ ಚಹಾ ಕುಡಿಯುತ್ತೇನೆ, ಆಮೇಲೆ ಶಾಲೆ, ಆಮೇಲೆ ಮನೆ, ಆಮೇಲೆ ಓದು, ಆಮೇಲೆ ನಿದ್ದೆ. ಏಳು ವಾಕ್ಯಗಳಿಗೆ ಆರು ‘ಥುಮ್ಮ’ಗಳು. ನಿಮ್ಮ ಉಸ್ತಾದರ ಮಾತು ಕಟುವಾಗಿರಬಹುದು, ಆದರೆ ಅದರಲ್ಲಿ ಸುಳ್ಳಿಲ್ಲ.

ಈ ದೋಷ ಕನ್ನಡ ಮಾತನಾಡುವವರಲ್ಲಿ ಹೆಚ್ಚಾಗಿ ಕಾಣಿಸುವುದಕ್ಕೆ ನಮ್ಮ ಭಾಷೆಯಲ್ಲೇ ಕಾರಣವಿದೆ. ನಾವು ‘ಎದ್ದು, ಮುಖ ತೊಳೆದು, ಚಹಾ ಕುಡಿದು, ಶಾಲೆಗೆ ಹೋಗುತ್ತೇನೆ’ ಎನ್ನುತ್ತೇವೆ. ಅಲ್ಲಿ ‘ಎದ್ದು’, ‘ತೊಳೆದು’, ‘ಕುಡಿದು’ ಎಂಬ ರೂಪಗಳೇ ಕೊಂಡಿಯ ಕೆಲಸವನ್ನು ಮಾಡುತ್ತವೆ. ಪೂರ್ಣ ಕ್ರಿಯಾಪದ ಕೊನೆಯಲ್ಲಿ ಒಂದೇ ಒಂದು. ಅರಬ್ಬಿಯಲ್ಲಿ ಈ ಅನುಕೂಲವಿಲ್ಲ. ಏಳುವುದು, ತೊಳೆಯುವುದು, ಕುಡಿಯುವುದು ಎಲ್ಲವೂ ‘ನಾನು’ ಎಂಬುದನ್ನು ತನ್ನೊಳಗೇ ಹೊತ್ತ ಪೂರ್ಣ ಕ್ರಿಯಾಪದಗಳಾಗಿಯೇ ಬರುತ್ತವೆ, ಆದ್ದರಿಂದ ಕೊಂಡಿ ಹೊರಗಿನಿಂದ ಬರಬೇಕಾಗುತ್ತದೆ. ಆಗ ಕಲಿಯುವವರು ಕನ್ನಡದ ಪ್ರತಿಯೊಂದು ‘-ದು’ವಿನ ಜಾಗದಲ್ಲಿ ತಮಗೆ ಮೊದಲು ನೆನಪಾದ ‘ಥುಮ್ಮ’ವನ್ನು ಇಡುತ್ತಾ ಹೋಗುತ್ತಾರೆ. ಆದರೆ ನಮ್ಮ ಒಂದು ‘-ದು’ವಿನ ಕೆಲಸವನ್ನು ಅರಬ್ಬಿ ಮೂರು ಪದಗಳಿಗೆ ಹಂಚಿಕೊಟ್ಟಿದೆ: ವ, ಫ, ಥುಮ್ಮ. ಈ ಹಂಚಿಕೆಯನ್ನು ಅರ್ಥ ಮಾಡಿಕೊಂಡರೆ ಅರ್ಧ ಕೆಲಸ ಮುಗಿದಂತೆ.

‘ವ’ ಎಂಬುದು ಬರಿಯ ಕೂಡಿಕೆ. ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಅದು ಹೇಳುವುದಿಲ್ಲ. ‘ಫ’ ಎಂದರೆ ಒಂದರ ಬೆನ್ನಿಗೇ ಇನ್ನೊಂದು, ನಡುವೆ ಬಿಡುವಿಲ್ಲ. ಎಷ್ಟೋ ಸಲ ಮೊದಲನೆಯದೇ ಎರಡನೆಯದಕ್ಕೆ ಕಾರಣ ಎಂಬ ಅರ್ಥವೂ ಅದರಲ್ಲಿ ಸೇರಿರುತ್ತದೆ. ‘ಥುಮ್ಮ’ ಎಂದರೆ ನಡುವೆ ಸ್ವಲ್ಪ ಕಾಲ ಕಳೆದು ಆಮೇಲೆ. ಅರಬ್ಬಿ ವೈಯಾಕರಣರು ಬಹಳ ಹಿಂದಿನಿಂದ ಹೇಳಿಕೊಂಡು ಬಂದಿರುವ ಭೇದವಿದು. ಇದನ್ನು ನಿಮ್ಮ ಬೆಳಗಿಗೆ ಅನ್ವಯಿಸಿ ನೋಡಿ. ಎದ್ದೊಡನೆ ಬಾವಿಕಟ್ಟೆಗೋ ಬಚ್ಚಲಿಗೋ ಹೋಗಿ ಮುಖ ತೊಳೆಯುವುದಕ್ಕೂ ಏಳುವುದಕ್ಕೂ ನಡುವೆ ಅಂತರವಿಲ್ಲ, ಅಲ್ಲಿ ‘ಫ’ ಬರಬೇಕು: “ಅಸ್ತೈಕಿಝು… ಫಅಗ್ಸಿಲು ವಜ್‌ಹೀ.” ಮುಖ ತೊಳೆಯುವುದು ಮತ್ತು ಅಡುಗೆಮನೆಯಲ್ಲಿ ಅಮ್ಮನಿಗೆ ನೆರವಾಗುವುದು ಒಂದೇ ಹೊತ್ತಿನ ಕೆಲಸಗಳು, ಅಲ್ಲಿ ‘ವ’ ಸಾಕು. ತಿಂಡಿ ಮುಗಿದು, ಚೀಲ ಹೆಗಲಿಗೇರಿಸಿ, ಬಸ್ಸು ಹತ್ತುವ ಹೊತ್ತಿಗೆ ಮಾತ್ರ ‘ಥುಮ್ಮ’ಕ್ಕೆ ಅರ್ಥ ಬರುತ್ತದೆ. ಎಲ್ಲ ಕಡೆಯೂ ‘ಥುಮ್ಮ’ ಎಂದರೆ ಎದ್ದು ಸುಮ್ಮನೆ ಕೂತು, ಬಹಳ ಹೊತ್ತಿನ ಮೇಲೆ ಮುಖ ತೊಳೆದ ಹಾಗೆ ಕೇಳಿಸುತ್ತದೆ.

ಇಲ್ಲಿ ಇನ್ನೊಂದು ಮಾತು. ಕನ್ನಡದಲ್ಲಿ ವಾಕ್ಯವನ್ನು ‘ಮತ್ತು’ ಎಂದು ಆರಂಭಿಸಿದರೆ ಮೇಷ್ಟ್ರು ಕೆಂಪು ಗೆರೆ ಎಳೆಯುತ್ತಾರೆ. ಆ ಹೆದರಿಕೆಯನ್ನು ಅರಬ್ಬಿಗೆ ಒಯ್ಯಬೇಡಿ. ಅಲ್ಲಿ ಹೊಸ ವಾಕ್ಯ ‘ವ’ದಿಂದ ಶುರುವಾಗುವುದು ಸಹಜ ಶೈಲಿ; ಅದಿಲ್ಲದಿದ್ದರೇ ಮಾತು ಕಡಿದು ಕಡಿದು ಬಂದಂತಾಗುತ್ತದೆ. ‘ವ’ ಮತ್ತು ‘ಫ’ ಎರಡೂ ಮುಂದಿನ ಪದಕ್ಕೆ ಅಂಟಿಕೊಂಡೇ ಇರುವುದರಿಂದ ಅವುಗಳ ನಂತರ ಉಸಿರು ನಿಲ್ಲಿಸಬಾರದು. ನಿಲ್ಲುವುದಾದರೆ ಅವುಗಳ ಮೊದಲು ನಿಲ್ಲಿ.

ಈ ಮೂರರ ಆಚೆಗೆ ನಿಮಗೆ ಬೇಕಾದ ಕೊಂಡಿಗಳು ನಾಲ್ಕೇ ನಾಲ್ಕು. ಹತ್ತು ಹದಿನೈದು ಪದಗಳ ಪಟ್ಟಿಯನ್ನು ಉರುಹೊಡೆದು ಪರೀಕ್ಷೆಯಲ್ಲಿ ಎಲ್ಲವನ್ನೂ ತುರುಕಲು ಹೋಗುವವರನ್ನು ನೋಡಿದ್ದೇನೆ. ಅದು ‘ಥುಮ್ಮ’ದ ಪಟ್ಟಿಗಿಂತ ಕೆಟ್ಟದಾಗಿ ಕೇಳಿಸುತ್ತದೆ.

ಮೊದಲನೆಯದು ‘ಕಬ್ಲ ಅನ್’, ಅಂದರೆ ‘ಮಾಡುವ ಮೊದಲು’. ನಮ್ಮಲ್ಲಿ ‘ಹೋಗುವ ಮೊದಲು’ ಎಂದು ‘ಮೊದಲು’ ಕೊನೆಗೆ ಬಂದರೆ ಅಲ್ಲಿ ಅದೇ ಮುಂದೆ ನಿಲ್ಲುತ್ತದೆ. ಇದರ ನಂತರ ಬರುವ ಕ್ರಿಯಾಪದದ ಕೊನೆಯ ‘ಉ’ಕಾರ ‘ಅ’ಕಾರವಾಗಬೇಕು. ‘ಅದ್‌ಹಬು’ ಹೋಗಿ ‘ಅದ್‌ಹಬ’ ಆಗುತ್ತದೆ: “ಕಬ್ಲ ಅನ್ ಅದ್‌ಹಬ ಇಲಲ್ ಮದ್ರಸ.” ಕ್ರಿಯಾಪದದ ಮೇಲೆಯೇ ಮಾತು ನಿಂತರೆ ಕೊನೆಯ ಸ್ವರ ಬಿದ್ದುಹೋಗುವುದರಿಂದ ತಪ್ಪು ಕೇಳಿಸುವುದಿಲ್ಲ, ಆದರೆ ಮುಂದೆ ‘ಇಲಲ್ ಮದ್ರಸ’ ಎಂದು ಮುಂದುವರಿದಾಗ ಆ ಸ್ವರ ಕಿವಿಗೆ ಸ್ಪಷ್ಟವಾಗಿ ಬೀಳುತ್ತದೆ. ಪರೀಕ್ಷೆಯ ಗಡಿಬಿಡಿಯಲ್ಲಿ ಇದು ನೆನಪಾಗದೇ ಹೋದೀತು ಎಂಬ ಭಯವಿದ್ದರೆ ಸುಲಭದ ದಾರಿಯೊಂದಿದೆ: ‘ಅನ್’ ಮತ್ತು ಕ್ರಿಯಾಪದ ಎರಡನ್ನೂ ಬಿಟ್ಟು ನಾಮಪದ ಹಾಕಿಬಿಡಿ. ‘ಕಬ್ಲಲ್ ಮದ್ರಸ’ ಎಂದರೆ ಶಾಲೆಗೆ ಮುಂಚೆ, ‘ಕಬ್ಲನ್ನೌಮ್’ ಎಂದರೆ ನಿದ್ದೆಗೆ ಮುಂಚೆ. ‘ನಂತರ’ ಎಂಬುದಕ್ಕೂ ಇದೇ ದಾರಿ ಹಿಡಿಯಬಹುದು. ‘ಬಅದಲ್ ಫತೂರ್’ ಎಂದರೆ ಬೆಳಗಿನ ತಿಂಡಿಯ ನಂತರ. ಆದರೆ ‘ಬಅದಲ್ ಅಶಾ’ ಎನ್ನುವಲ್ಲಿ ಒಂದು ಎಚ್ಚರ ಬೇಕು. ‘ಅಶಾ’ ಎಂದರೆ ರಾತ್ರಿಯ ಊಟ, ‘ಇಶಾ’ ಎಂದರೆ ರಾತ್ರಿಯ ನಮಾಜು. ಮೊದಲ ಸ್ವರವೊಂದು ಜಾರಿದರೆ ಊಟದ ಜಾಗದಲ್ಲಿ ನಮಾಜು ಬಂದು ಕೂರುತ್ತದೆ.

ಎರಡನೆಯದು ‘ಇಂದಮಾ’, ಅಂದರೆ ‘ಮಾಡಿದಾಗ, ಮಾಡುವಾಗ’. ಇದರಲ್ಲಿ ತೊಡಕಿಲ್ಲ, ಕ್ರಿಯಾಪದ ಇದ್ದ ಹಾಗೆಯೇ ಇರುತ್ತದೆ.

ಮೂರನೆಯದಾದ ‘ಲಿಅನ್ನ’ದಲ್ಲಿ ಮಾತ್ರ ನಮ್ಮವರು ಎಡವುವುದು ಹೆಚ್ಚು. ಇದರ ಅರ್ಥ ‘ಯಾಕೆಂದರೆ’. ಕನ್ನಡದಲ್ಲಿ ‘ಯಾಕೆಂದರೆ’ ಎಂದ ಮೇಲೆ ಯಾವ ಪದವನ್ನಾದರೂ ಇಡಬಹುದು, ಅರಬ್ಬಿಯಲ್ಲಿ ಆಗದು. ‘ಲಿಅನ್ನ’ದ ಮುಂದೆ ನೇರವಾಗಿ ಕ್ರಿಯಾಪದ ಬರುವಂತಿಲ್ಲ, ನಾಮಪದವೋ ಸರ್ವನಾಮವೋ ಬರಲೇಬೇಕು. ‘ಲಿಅನ್ನ ಉಹಿಬ್ಬು’ ತಪ್ಪು, ‘ಲಿಅನ್ನೀ ಉಹಿಬ್ಬು’ ಸರಿ. ಅಂದರೆ ‘ಯಾಕೆಂದರೆ ಇಷ್ಟಪಡುತ್ತೇನೆ’ ಎನ್ನಲಾಗದು, ‘ಯಾಕೆಂದರೆ ನಾನು ಇಷ್ಟಪಡುತ್ತೇನೆ’ ಎನ್ನಬೇಕು. ನಾಮಪದ ಬಂದರೆ ಅದರ ಕೊನೆ ‘ಅ’ಕಾರವಾಗುತ್ತದೆ: ‘ಲಿಅನ್ನಲ್ ಮದ್ರಸತ ಬಈದ’, ಯಾಕೆಂದರೆ ಶಾಲೆ ದೂರ.

ನಾಲ್ಕನೆಯದು ‘ಅಮ್ಮಾ… ಫ…’ ಎಂಬ ಜೋಡಿ. ನಮ್ಮ ‘ಭಾನುವಾರವಾದರೋ…’ ಎಂಬ ತಿರುವು ಇದೇ. ‘ಅಮ್ಮಾ’ ಎಂದು ತೆರೆದ ಬಾಗಿಲನ್ನು ‘ಫ’ದಿಂದ ಮುಚ್ಚಲೇಬೇಕು, ಅರ್ಧಕ್ಕೆ ಬಿಟ್ಟರೆ ವಾಕ್ಯ ನೇತಾಡುತ್ತದೆ. ದಿನಚರಿಯ ಏಕತಾನತೆಯನ್ನು ಮುರಿಯಲು ಇದಕ್ಕಿಂತ ಒಳ್ಳೆಯ ಸಾಧನ ನನಗೆ ಗೊತ್ತಿಲ್ಲ.

ಈಗ ನಿಮ್ಮದೇ ಉತ್ತರವನ್ನು ಈ ಕೊಂಡಿಗಳಿಂದ ಮರಳಿ ಕಟ್ಟೋಣ:

“ಅಸ್ತೈಕಿಝು ಫಿಸ್ಸಾಅತಿಸ್ ಸಾದಿಸತಿ ಸಬಾಹನ್, ಫಅಗ್ಸಿಲು ವಜ್‌ಹೀ ವ ಉಸಾಇದು ಉಮ್ಮೀ ಫಿಲ್ ಮತ್ಬಖ್. ವ ಕಬ್ಲ ಅನ್ ಅದ್‌ಹಬ ಇಲಲ್ ಮದ್ರಸತಿ ಅತನಾವಲುಲ್ ಫತೂರ ಮಅ ಉಸ್ರತೀ. ಥುಮ್ಮ ಅರ್ಕಬುಲ್ ಹಾಫಿಲತ ಲಿಅನ್ನಲ್ ಮದ್ರಸತ ಬಈದತುನ್ ಅನಿಲ್ ಬೈತ್. ವ ಇಂದಮಾ ಅಊದು ಇಲಲ್ ಬೈತಿ ಅಸ್ತರೀಹು ಕಲೀಲನ್, ಥುಮ್ಮ ಅಕ್ತುಬು ವಾಜಿಬಾತೀ. ಅಮ್ಮಾ ಫೀ ಯೌಮಿಲ್ ಅಹದಿ ಫಲಾ ಅದ್‌ಹಬು ಇಲಲ್ ಮದ್ರಸತಿ, ಬಲ್ ಅದ್‌ಹಬು ಇಲಾ ಶಾತಿಇಲ್ ಬಹ್ರಿ ಮಅ ಅಬೀ. ವ ಬಅದಲ್ ಅಶಾಇ ಅನಾಮು ಫಿಸ್ಸಾಅತಿಲ್ ಆಶಿರ.”

ಬೆಳಿಗ್ಗೆ ಆರಕ್ಕೆ ಎದ್ದೊಡನೆ ಮುಖ ತೊಳೆದು ಅಡುಗೆಮನೆಯಲ್ಲಿ ಅಮ್ಮನಿಗೆ ನೆರವಾಗುತ್ತೇನೆ. ಶಾಲೆಗೆ ಹೋಗುವ ಮೊದಲು ಮನೆಯವರೊಂದಿಗೆ ತಿಂಡಿ ತಿನ್ನುತ್ತೇನೆ. ಆಮೇಲೆ ಬಸ್ಸು ಹತ್ತುತ್ತೇನೆ, ಯಾಕೆಂದರೆ ಶಾಲೆ ಮನೆಯಿಂದ ದೂರ. ಮನೆಗೆ ಮರಳಿದಾಗ ಸ್ವಲ್ಪ ದಣಿವಾರಿಸಿಕೊಂಡು, ಆಮೇಲೆ ಮನೆಗೆಲಸದ ಪಾಠಗಳನ್ನು ಬರೆಯುತ್ತೇನೆ. ಭಾನುವಾರವಾದರೋ ಶಾಲೆಗಲ್ಲ, ಅಪ್ಪನ ಜೊತೆ ಕಡಲತೀರಕ್ಕೆ ಹೋಗುತ್ತೇನೆ. ರಾತ್ರಿಯೂಟದ ನಂತರ ಹತ್ತಕ್ಕೆ ಮಲಗುತ್ತೇನೆ.

‘ಥುಮ್ಮ’ ಎರಡೇ ಸಲ ಬಂದಿದೆ, ಎರಡೂ ಕಡೆ ನಿಜವಾಗಿಯೇ ಕಾಲದ ಅಂತರವಿದೆ. ತಿಂಡಿ ತೆಳ್ಳೇವೋ ಗಂಜಿಯೋ ಎಂಬುದನ್ನು ನಾನು ಬೇಕೆಂದೇ ಬಿಟ್ಟಿದ್ದೇನೆ. ತೆಳ್ಳೇವಿಗೆ ಅರಬ್ಬಿ ಪದ ಹುಡುಕುತ್ತಾ ಪರೀಕ್ಷಕರ ಎದುರು ತಡವರಿಸುವ ಬದಲು ‘ಫತೂರ್’ ಎಂದು ಮುಂದೆ ಸಾಗುವುದು ಲೇಸು. ಅಂದ ಹಾಗೆ, 14ನೆಯ ಶತಮಾನದಲ್ಲಿ ನಿಮ್ಮ ಪಕ್ಕದ ಹೊನ್ನಾವರಕ್ಕೆ ಬಂದಿದ್ದ ಇಬ್ನ್ ಬತೂತ ಅದನ್ನು ‘ಹಿನೌರ್’ ಎಂದು ಕರೆದು, ಅಲ್ಲಿನ ಸುಲ್ತಾನನ ಮನೆಯ ಊಟವನ್ನು ಅನ್ನ ತುಪ್ಪದಿಂದ ಹಿಡಿದು ಕೊನೆಯ ಮೊಸರಿನವರೆಗೆ ಬಡಿಸಿದ ಕ್ರಮದಲ್ಲೇ ಅರಬ್ಬಿಯಲ್ಲಿ ಬಣ್ಣಿಸಿದ್ದಾನೆ. ಈ ಕರಾವಳಿಯ ದಿನಚರಿ ಆ ಭಾಷೆಗೆ ಹೊಸತೇನಲ್ಲ.

ಇಷ್ಟನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡು ಕೇಳಿ. ಪ್ರತಿ ‘ಥುಮ್ಮ’ದ ನಂತರ ‘ಆ…’ ಎಂಬ ಎಳೆತ ಕೇಳಿಸಿದರೆ, ಆ ಪದವನ್ನು ನೀವು ಕೊಂಡಿಯಾಗಿ ಬಳಸುತ್ತಿಲ್ಲ, ಮುಂದಿನ ವಾಕ್ಯ ನೆನಪಾಗುವವರೆಗೆ ಹೊತ್ತು ತಳ್ಳಲು ಬಳಸುತ್ತಿದ್ದೀರಿ ಎಂದರ್ಥ. ಅಂಥ ಕಡೆ ಅದನ್ನು ತೆಗೆದು ಸುಮ್ಮನೆ ಉಸಿರೆಳೆದುಕೊಂಡು ‘ವ’ ಎಂದು ಮುಂದುವರಿಯಿರಿ.

ಕೊನೆಯದಾಗಿ, ಪರೀಕ್ಷಕರು ಸಾಮಾನ್ಯವಾಗಿ ನಿಮ್ಮ ಕೊಂಡಿಗಳನ್ನೇ ಹಿಡಿದು ಮರುಪ್ರಶ್ನೆ ಕೇಳುತ್ತಾರೆ. “ಮಾದಾ ತಫ್‌ಅಲೀನ ಕಬ್ಲನ್ನೌಮ್?” ಎಂದರೆ ಮಲಗುವ ಮೊದಲು ಏನು ಮಾಡುತ್ತೀ ಎಂದು. ಆಗ ಪ್ರಶ್ನೆಯಲ್ಲಿರುವ ‘ಕಬ್ಲನ್ನೌಮ್’ ಅನ್ನು ಹಾಗೆಯೇ ಎತ್ತಿಕೊಂಡು ಉತ್ತರ ಶುರುಮಾಡಿ, ಆದರೆ ‘ತಫ್‌ಅಲೀನ’ದಲ್ಲಿರುವ ‘ನೀನು’ ರೂಪವನ್ನು ಬಾಯಿಗೆ ಬಂದಂತೆ ಮರಳಿಸಬೇಡಿ; ಅದು ‘ಅ’ದಿಂದ ಆರಂಭವಾಗುವ ‘ನಾನು’ ರೂಪಕ್ಕೆ ತಿರುಗಬೇಕು: “ಕಬ್ಲನ್ನೌಮಿ ಅಕ್ರಉ ಕಿತಾಬನ್, ಲಿಅನ್ನೀ ಉಹಿಬ್ಬುಲ್ ಕಿರಾಅ.” ಮಲಗುವ ಮೊದಲು ಪುಸ್ತಕವೊಂದನ್ನು ಓದುತ್ತೇನೆ, ಯಾಕೆಂದರೆ ನನಗೆ ಓದುವುದು ಇಷ್ಟ. ‘ಲಿಅನ್ನೀ’ ಎಂಬಲ್ಲಿನ ದೀರ್ಘವನ್ನು ನುಂಗದೆ ಪೂರ್ತಿ ಉಚ್ಚರಿಸಿ. ಮೇಲೆ ಹೇಳಿದ ‘ನಾನು’ ಇರುವುದು ಆ ದೀರ್ಘದಲ್ಲೇ.